ಕೇಳಿಕೆಯನ್ನು ಮೊದಲು ಬರೆಯಿರಿ

ನಮಸ್ಕಾರ. ಈ ಮಳೆಯಲ್ಲಿ ದೇವಿಮನೆ ಘಟ್ಟ ಹತ್ತಿ ಕುಮಟಾದಿಂದಲೂ ಬಂದಿದ್ದೀರಿ. ನೇರ ವಿಷಯಕ್ಕೇ ಬರುತ್ತೇನೆ: ಮೀಟಿಂಗಿನಲ್ಲಿ ನಮಗೆ ಬೇಕಾದದ್ದನ್ನು ಕೇಳುವುದು ಹೇಗೆ.

ಶಿರಸಿಯ ಒಂದು ಕಾಳುಮೆಣಸಿನ ಪ್ಯಾಕಿಂಗ್ ಘಟಕ ಅಂದುಕೊಳ್ಳಿ. ಜುಲೈ ತಿಂಗಳು, ಸೋಮವಾರದ ಮೀಟಿಂಗ್. ಒಣಗಿಸುವ ವಿಭಾಗದವರು ಹೇಳುತ್ತಾರೆ: "ಕೆಲಸ ನಡೀತಾ ಇದೆ. ಮಳೆಯಿಂದ ಸ್ವಲ್ಪ ತೊಂದರೆ. ಡ್ರೈಯರ್ ಸಮಸ್ಯೆಯೂ ಇದೆ. ಎಲ್ಲರೂ ಸಹಕಾರ ಕೊಡಬೇಕು." ಎಲ್ಲರೂ ತಲೆ ಆಡಿಸುತ್ತಾರೆ. ಶುಕ್ರವಾರ ಲಾರಿ ಬಂದು ನಿಂತಾಗ ಮಾಲು ಸಿದ್ಧ ಇಲ್ಲ. "ಸೋಮವಾರವೇ ಹೇಳಿದ್ದೆನಲ್ಲ!" ಅಂತ ಜಗಳ ಶುರು. ಹೇಳಿದ್ದು ನಿಜ. ಆದರೆ ಯಾರನ್ನು ಕೇಳಿದಿರಿ? ಏನು ಕೇಳಿದಿರಿ? ಯಾವಾಗ ಬೇಕು ಅಂದಿರಿ?

ಎಲ್ಲರ ಸಹಕಾರ ಕೇಳಿದರೆ ಯಾರೂ ಅದನ್ನು ತಮ್ಮ ಕೆಲಸ ಅಂದುಕೊಳ್ಳುವುದಿಲ್ಲ. ಅದಕ್ಕೇ ನಾನು ಹೋದಲ್ಲೆಲ್ಲ ಹೇಳುತ್ತೇನೆ: ನಿಮ್ಮ ಮಾತಿನ ಕೊನೆಯ ವಾಕ್ಯವನ್ನು, ಅಂದರೆ ಕೇಳಿಕೆಯನ್ನು, ಮೊದಲು ಬರೆಯಿರಿ. ಇಲ್ಲಿ ಅದು ಹೀಗಿರುತ್ತದೆ: "ಮ್ಯಾನೇಜರ್ ಸಾರ್, ಡ್ರೈಯರ್ ಬ್ಲೋವರಿನ ಮೋಟರ್ ರಿವೈಂಡಿಂಗಿಗೆ ನಾಳೆ ಸಂಜೆಯೊಳಗೆ ನಿಮ್ಮ ಒಪ್ಪಿಗೆ ಬೇಕು."

ಈಗ ಯೋಚಿಸಿ. ಒಪ್ಪಿಗೆ ಕೊಡಲು ಅವರಿಗೆ ಏನೇನು ಗೊತ್ತಿರಬೇಕು? ಅಷ್ಟನ್ನೇ ಮುಂಚೆ ಸೇರಿಸಿ. "ಶುಕ್ರವಾರದ ಲಾರಿಗೆ 40 ಚೀಲ ಹೋಗಬೇಕು. 26 ಪ್ಯಾಕ್ ಆಗಿದೆ. ಉಳಿದ 14 ಚೀಲದಲ್ಲಿ ತೇವಾಂಶ ಶೇಕಡಾ 14 ಇದೆ, 12ಕ್ಕಿಂತ ಕೆಳಗೆ ತರದೆ ಪ್ಯಾಕ್ ಮಾಡಿದರೆ ಬೂಸ್ಟು ಹಿಡಿಯುತ್ತದೆ. ಬ್ಲೋವರ್ ಮೋಟರ್ ಸುಟ್ಟಿದೆ. ನಾಳೆ ರಿವೈಂಡಿಂಗಿಗೆ ಕೊಟ್ಟರೆ ಗುರುವಾರ ಬೆಳಿಗ್ಗೆ ಸಿಗುತ್ತದೆ, ಅಂದೇ ಒಣಗಿಸಬಹುದು." ಇದಾದ ಮೇಲೆ ಆ ಕೇಳಿಕೆ. ಒಂದು ನಿಮಿಷವೂ ಬೇಡ.

ಮೋಟರ್ ಹೇಗೆ ಸುಟ್ಟಿತು, ವಾಸನೆ ಯಾರಿಗೆ ಮೊದಲು ಬಂತು, ಕರೆಂಟ್ ಎಷ್ಟು ಸಲ ಹೋಗಿ ಬಂತು ಅನ್ನುವುದೆಲ್ಲ ಹೇಳಬೇಕು ಅನ್ನಿಸುತ್ತದೆ, ಅಲ್ವಾ? ಪಾಪ, ವಾರವಿಡೀ ಅದನ್ನೇ ಅನುಭವಿಸಿದವರು ಒಣಗಿಸುವ ವಿಭಾಗದವರು. ಚಹಾ ಕುಡಿಯುವಾಗ ಖಂಡಿತ ಹೇಳಲಿ, ನಾನೂ ಕೂತು ಕೇಳುತ್ತೇನೆ. ಮೀಟಿಂಗಿನಲ್ಲಿ ಮಾತ್ರ ಯಾರು, ಏನು, ಯಾವಾಗ.

ಇನ್ನೊಂದು ಮಾತನ್ನೂ ಸೇರಿಸಿ: ಆಗದಿದ್ದರೆ ಏನು? "ನಾಳೆ ಒಪ್ಪಿಗೆ ಸಿಗದಿದ್ದರೆ 26 ಚೀಲ ಮಾತ್ರ ಹೋಗುತ್ತದೆ. ಸೇಲ್ಸ್ ಅಣ್ಣ, ನೀವು ಬುಧವಾರವೇ ಪಾರ್ಟಿಗೆ ತಿಳಿಸಬೇಕಾಗುತ್ತದೆ." ಕೇಳಿಕೆ ಎರಡಾಯಿತು, ಎರಡಕ್ಕೂ ಆಳು ಇದ್ದಾರೆ, ದಿನ ಇದೆ. ಐದಾರು ಕೇಳಿಕೆ ಇದ್ದರೆ ದೊಡ್ಡ ಎರಡನ್ನು ಹೇಳಿ, ಉಳಿದದ್ದನ್ನು ವಾಟ್ಸಾಪ್‌ನಲ್ಲಿ ಹಾಕಿ.

ಸಮಯ ಆಯಿತು ಅಂತ ಸನ್ನೆ ಮಾಡುತ್ತಿದ್ದಾರೆ. ಉತ್ತರ ಬರೆದಿಡುವ ಬಗ್ಗೆ ಹೇಳಬೇಕಿತ್ತು. ಚುಟುಕಾಗಿ ಇಷ್ಟು: ಕೇಳಿಸಿಕೊಂಡವರು "ನೋಡೋಣ" ಅಂದರೆ ಬಿಡಬೇಡಿ. ಹೌದು, ಇಲ್ಲ, ಅಥವಾ ಇಂಥ ದಿನ ಹೇಳುತ್ತೇನೆ, ಈ ಮೂರರಲ್ಲಿ ಒಂದು ಅಲ್ಲೇ ಪುಸ್ತಕಕ್ಕೆ ಹೋಗಲಿ. ಮತ್ತೆ, ಮೋಟರ್ ಗುರುವಾರ ಸುಟ್ಟರೆ ಸೋಮವಾರದವರೆಗೆ ಕಾಯಬೇಡಿ. ಗುರುವಾರವೇ ಫೋನ್ ಮಾಡಿ.