ಒಂದೇ ಸಾಲ, ಅಕ್ಕನ ಲೆಕ್ಕ, ತಮ್ಮನ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಮನೆ ಸಾಲದ ಕಂತು ಕಟ್ಟಿ, ಮನೆ ಖರ್ಚೆಲ್ಲ ಕಳೆದ ಮೇಲೂ ತಿಂಗಳಿಗೆ 10,000 ಉಳಿಯುತ್ತದೆ ಅಂದುಕೊಳ್ಳಿ. ಅದನ್ನು ಸಾಲಕ್ಕೇ ಹಾಕಬೇಕಾ, ಬೇರೆ ಕಡೆ ಹೂಡಬೇಕಾ? ಇದಕ್ಕೆ ಉತ್ತರ ಹೇಳುವವರು ತುಂಬ ಜನ. ಆದರೆ ಬಹಳ ಮಂದಿ ಲೆಕ್ಕವನ್ನೇ ತಪ್ಪು ಹಾಕುತ್ತಾರೆ. ಆ ತಪ್ಪು ಎಲ್ಲಿದೆ ಅಂತ ಇವತ್ತು ನಿಧಾನವಾಗಿ ನೋಡೋಣ.

ಒಬ್ಬ ಅಕ್ಕ, ಒಬ್ಬ ತಮ್ಮ. ಇಬ್ಬರದೂ 30 ಲಕ್ಷದ ಸಾಲ, ಶೇಕಡ 9 ಬಡ್ಡಿ, 20 ವರ್ಷದ ಅವಧಿ. ತಿಂಗಳ ಕಂತು ಸುಮಾರು 26,992. ಅಕ್ಕ ಮೊದಲ ತಿಂಗಳಿಂದಲೇ 10,000 ಹೆಚ್ಚಿಗೆ ಸಾಲಕ್ಕೆ ಕಟ್ಟುತ್ತಾಳೆ. ತಮ್ಮ ಅಷ್ಟೇ ಹಣವನ್ನು ಬೇರೆ ಕಡೆ ಹೂಡುತ್ತಾನೆ.

ಅಕ್ಕನ ಸಾಲ ಸುಮಾರು ಹತ್ತೂವರೆ ವರ್ಷಕ್ಕೇ ತೀರುತ್ತದೆ. ಬಡ್ಡಿಯಲ್ಲಿ 18 ಲಕ್ಷಕ್ಕೂ ಜಾಸ್ತಿ ಉಳಿಯಿತು. ಇದನ್ನು ಕೇಳಿದವರು ಅಲ್ಲಿಗೇ ತೀರ್ಮಾನ ಮಾಡಿಬಿಡುತ್ತಾರೆ. ಇನ್ನೊಂದು ಕಡೆಯವರು, ತಮ್ಮ 20 ವರ್ಷ ಹೂಡಿದರೆ ಶೇಕಡ 9ರ ಗಳಿಕೆಯಲ್ಲೇ 66 ಲಕ್ಷ ದಾಟುತ್ತದಲ್ಲ ಅನ್ನುತ್ತಾರೆ. 18 ಎಲ್ಲಿ, 66 ಎಲ್ಲಿ! ಆದರೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಡುವುದೇ ಸರಿಯಲ್ಲ. ಒಂದು ಹತ್ತೂವರೆ ವರ್ಷ ಕಟ್ಟಿದ ಹಣದ ಕಥೆ, ಇನ್ನೊಂದು 20 ವರ್ಷ ಹೂಡಿದ ಹಣದ ಕಥೆ.

ಸರಿಯಾಗಿ ಹೋಲಿಸಬೇಕಾದರೆ ಇಬ್ಬರನ್ನೂ ಒಂದೇ ದಿನ ನಿಲ್ಲಿಸಿ ನೋಡಬೇಕು. ಅಕ್ಕನ ಸಾಲ ತೀರಿದ ದಿನ ತಮ್ಮನ ಸಾಲದಲ್ಲಿ ಇನ್ನೂ 20.7 ಲಕ್ಷ ಬಾಕಿ ಇರುತ್ತದೆ. ಹೂಡಿಕೆ ಶೇಕಡ 9ರಂತೆ ಬೆಳೆದಿದ್ದರೆ ಅವನ ಕೈಯಲ್ಲೂ ಸರಿಯಾಗಿ 20.7 ಲಕ್ಷ ಇರುತ್ತದೆ. ಬೇಕಾದರೆ ಅವನೂ ಅದೇ ದಿನ ಸಾಲ ತೀರಿಸಬಹುದು. ಇಬ್ಬರೂ ಸಮ. ಸಾಲಕ್ಕೆ ಹಾಕಿದ ಹಣ ಸಾಲದ ಬಡ್ಡಿಯಷ್ಟೇ ಗಳಿಸುತ್ತದೆ, ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಮೊದಲ ವರ್ಷಗಳಲ್ಲಿ ಬಡ್ಡಿ ಜಾಸ್ತಿ, ಆಗ ಕಟ್ಟಿದರೆ ಮಾತ್ರ ಲಾಭ ಅನ್ನುವ ಮಾತಿದೆಯಲ್ಲ, ಅದನ್ನೂ ಇಲ್ಲೇ ನೋಡಿಬಿಡೋಣ. ಇವತ್ತು 10,000 ಕಟ್ಟಿದರೆ ಮುಂದಿನ ತಿಂಗಳ ಬಡ್ಡಿಯಲ್ಲಿ 75 ಉಳಿಯುತ್ತದೆ. ಹತ್ತು ವರ್ಷದ ಮೇಲೆ ಕಟ್ಟಿದರೂ ಉಳಿಯುವುದು ಅದೇ 75. ಮೊದಲೇ ಕಟ್ಟಿದ ಹಣಕ್ಕೆ ಬೆಳೆಯಲು ಹೆಚ್ಚು ಸಮಯ ಸಿಗುತ್ತದೆ, ಅಷ್ಟೇ ವ್ಯತ್ಯಾಸ. ಹೂಡಿಕೆಗೂ ಅದೇ ನಿಯಮ ಅಲ್ವಾ?

ಹಾಗಾದರೆ ಪ್ರಶ್ನೆ ಒಂದೇ ಉಳಿಯಿತು. ತೆರಿಗೆ, ಶುಲ್ಕ ಎಲ್ಲ ಕಳೆದು ಕೈಗೆ ಸಿಗುವ ಗಳಿಕೆ ಸಾಲದ ಬಡ್ಡಿಗಿಂತ ಮೇಲಿದೆಯಾ? ಸಾಲದ ಬಡ್ಡಿಗೆ ತೆರಿಗೆ ರಿಯಾಯಿತಿ ಸಿಗುತ್ತಿದ್ದರೆ ಅದನ್ನೂ ಕಳೆದೇ ಬಡ್ಡಿ ಲೆಕ್ಕ ಹಿಡಿಯಿರಿ. ತಮ್ಮನಿಗೆ ಶೇಕಡ 7 ಸಿಕ್ಕಿದ್ದರೆ ಆ ದಿನ ಅವನ ಹತ್ತಿರ 18.4 ಲಕ್ಷ ಇರುತ್ತಿತ್ತು, 2.3 ಲಕ್ಷ ಕಡಿಮೆ ಬೀಳುತ್ತಿತ್ತು. ಶೇಕಡ 11 ಸಿಕ್ಕಿದ್ದರೆ 23.3 ಲಕ್ಷ ಆಗಿ, ಸುಮಾರು 2.6 ಲಕ್ಷ ಮಿಗುತ್ತಿತ್ತು. ಆದರೆ 11 ಕೊಡುವ ಹೂಡಿಕೆ ಅಂದರೆ ಬಹುತೇಕ ಷೇರುಪೇಟೆಯದು. ಕೊನೇ ವರ್ಷ ಅದು ಶೇಕಡ 30 ಕುಸಿದರೆ ಕೈಯಲ್ಲಿ ಉಳಿಯುವುದು 16.3 ಲಕ್ಷ. ಅಕ್ಕನ 9 ಹಾಗೆ ಕುಸಿಯುವುದಿಲ್ಲ. ಬಡ್ಡಿ ದರ ಬದಲಾಗುವ ಸಾಲವಾದರೆ ಅದೂ ಏರಿಳಿಯುತ್ತದೆ ನಿಜ, ಆದರೆ ಕಟ್ಟಿದ ಅಸಲು ಕರಗುವುದಿಲ್ಲ. ಹಾಗಾಗಿ ಅಕ್ಕನ 9ನ್ನು ಠೇವಣಿಯಂಥ ಖಚಿತ ಗಳಿಕೆಯ ಜೊತೆ ಹೋಲಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಒಂದೆರಡು ಶೇಕಡದ ಆಸೆಗೆ ಅಷ್ಟು ಏರಿಳಿತ ಹೊರುವುದು ನನಗಂತೂ ಒಪ್ಪಿಗೆಯಿಲ್ಲ. ಸಾಲದ ಬಡ್ಡಿ 5 ಅಥವಾ 6 ಇದ್ದು, ಮುಂದೆ ಹದಿನೈದು ವರ್ಷ ಇದ್ದರೆ ಹೂಡಿಕೆಯ ಕಡೆಗೇ ವಾಲುತ್ತೇನೆ.

ಈ ಲೆಕ್ಕದಲ್ಲಿ ಕಾಣದ ಒಂದು ವಿಷಯ ಇದೆ. ಅದನ್ನು ನಾನು ಕಷ್ಟಪಟ್ಟು ಕಲಿತೆ. ಕೈಯಲ್ಲಿದ್ದುದನ್ನೆಲ್ಲ ಸಾಲಕ್ಕೆ ಕಟ್ಟಿದ್ದೆ. ಆಮೇಲೆ ಕೆಲಸ ಹೋಗಿ ನಾಲ್ಕು ತಿಂಗಳು ಸಂಬಳ ಇರಲಿಲ್ಲ. ಅಷ್ಟೊಂದು ಮುಂಚೆಯೇ ಕಟ್ಟಿದ್ದೀನಲ್ಲ, ಈ ತಿಂಗಳು ಬಿಡಿ ಅಂದರೆ ಸಾಲ ಕೊಟ್ಟವರು ಒಪ್ಪಲಿಲ್ಲ. ಹೆಚ್ಚಿಗೆ ಕಟ್ಟಿದ್ದರಿಂದ ಸಾಲ ಬೇಗ ತೀರುತ್ತದೆ, ಮುಂದಿನ ಕಂತು ಮಾಫಿ ಆಗುವುದಿಲ್ಲ. ಸಾಲದೊಳಗೆ ಹೋದ ಹಣ ಸುಲಭವಾಗಿ ವಾಪಸ್ ಬರುವುದೂ ಇಲ್ಲ. ತಮ್ಮನಾದರೆ ಸ್ವಲ್ಪ ಹೂಡಿಕೆ ಮಾರಿ ಕಂತು ಕಟ್ಟುತ್ತಿದ್ದ. ಅದಕ್ಕೇ ಆರು ತಿಂಗಳ ಕಂತು, ಮನೆ ಖರ್ಚು ಬೇರೆ ಕಡೆ ಕೂಡುವ ತನಕ ಸಾಲಕ್ಕೆ ಒಂದು ಕಾಸೂ ಹೆಚ್ಚಿಗೆ ಹಾಕಬೇಡಿ ಅಂತ ನಾನು ಹೇಳುವುದು.

ಅಕ್ಕನ ದಾರಿ ಹಿಡಿಯುವವರು ಮೊದಲು ಕರಾರು ಪತ್ರ ತೆಗೆದು, ಅವಧಿಗೆ ಮುಂಚೆ ಕಟ್ಟಿದರೆ ದಂಡ ಇದೆಯಾ ಅಂತ ಓದಿಕೊಳ್ಳಿ. ದರ ಬದಲಾಗದ ಸಾಲಗಳಲ್ಲಿ ಅದು ಇರುವ ಸಾಧ್ಯತೆ ಜಾಸ್ತಿ. ಹೆಚ್ಚಿನ ಹಣ ಅಸಲಿಗೇ ಹೋಗಬೇಕು, ಕಂತು ಇಳಿಸಬೇಡಿ, ಅವಧಿ ಕಡಿಮೆ ಮಾಡಿ ಅಂತ ಬರೆದು ಕೊಡಿ. ಕಂತು ಇಳಿದರೆ ಉಳಿದ ದುಡ್ಡು ಸುಮ್ನೆ ಖರ್ಚಾಗಿ ಹೋಗುತ್ತದೆ. ಮುಂದಿನ ತಿಂಗಳು ಸಾಲದ ಸ್ಟೇಟ್‌ಮೆಂಟ್ ತೆಗೆದು ನೋಡಿ. ಮಾಮೂಲಿ ಕಂತಿನಿಂದ ಇಳಿಯುವುದರ ಜೊತೆಗೆ ಬಾಕಿ ಅಸಲು ಪೂರ್ತಿ 10,000 ಇಳಿದಿರಬೇಕು. ಇಳಿಯದಿದ್ದರೆ ನಿಮ್ಮ ಹಣವನ್ನು ಮುಂದಿನ ಕಂತಿಗೆ ಅಂತ ಎತ್ತಿಟ್ಟಿರಬಹುದು. ಅಲ್ಲಿ ಅದು ಬಡ್ಡಿ ಉಳಿಸುವುದಿಲ್ಲ, ಅವತ್ತೇ ಹೋಗಿ ಸರಿಪಡಿಸಿಕೊಳ್ಳಿ.