120 ಕಂಬಗಳ ನಡುವೆ ಒಂದು ಮಾರ್ಚ್

ಕೇಳುಗರಿಗೆ ನಮಸ್ಕಾರ. ಸಂಘದ ಸಭೆಗೋ ಬ್ಯಾಂಕಿಗೋ ಚಾರ್ಟ್ ಮಾಡುವವರಿಗೆ ನನ್ನದು ಒಂದೇ ಮಾತು. ಯಾವ ಅಂಕಿ ಜನರ ಕಣ್ಣಿಗೆ ಬೀಳಬೇಕೋ ಅದಕ್ಕೆ ಮಾತ್ರ ಬಣ್ಣ ಕೊಡಿ. ಮಿಕ್ಕಿದ್ದು ಬೂದು ಬಣ್ಣದಲ್ಲಿರಲಿ, ಇಲ್ಲವೇ ತೆಗೆದುಹಾಕಿ.

ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದಿದ್ದರು. ರೊಬಸ್ಟಾ ಕಾಫಿ ತೋಟ. ಹತ್ತು ವರ್ಷದ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ, ಅಂದರೆ ನೂರು ಸೆಂಟ್ಸಿಗೆ ಒಂದು ಇಂಚಿನಂತೆ, ಡೈರಿಯಲ್ಲಿ ಬರೆದಿಟ್ಟವರು. ಅದನ್ನೆಲ್ಲ ಎಕ್ಸೆಲ್‌ಗೆ ಹಾಕಿದ್ದರು. ತಿಂಗಳು ಹನ್ನೆರಡು, ವರ್ಷ ಹತ್ತು, ಒಟ್ಟು 120 ಕಂಬ! ವರ್ಷಕ್ಕೊಂದು ಬಣ್ಣ. ಪ್ರತಿ ಕಂಬದ ತಲೆ ಮೇಲೂ ಅಂಕಿ, ಹಿಂದೆ ಅಡ್ಡಗೆರೆಗಳು, ಸಾಲದ್ದಕ್ಕೆ ತ್ರೀ ಡಿ ಬೇರೆ.

'ಇದರಲ್ಲಿ ಏನು ನೋಡಬೇಕು ಗೌಡ್ರೇ?' ಅಂದೆ.

'ಈ ಸಲ ಹೂ ಮಳೆ ಕೈಕೊಟ್ಟಿತು ಮೇಷ್ಟ್ರೇ. ಮಾರ್ಚಿನಲ್ಲಿ ಬರೀ 20 ಸೆಂಟ್ಸ್. ಸ್ಪ್ರಿಂಕ್ಲರ್ ಓಡಿಸೋಕೆ ತ್ರೀ ಫೇಸ್ ಕರೆಂಟ್ ಕೇಳಬೇಕು. ಸಭೆಗೆ ಅದನ್ನೇ ತೋರಿಸಬೇಕು.'

ಆ 20 ಸೆಂಟ್ಸ್ ಹುಡುಕಿದರೂ ಸಿಗಲಿಲ್ಲ. ಜುಲೈ ಕಂಬಗಳು ಮುಗಿಲು ಮುಟ್ಟಿದ್ದವು, ಮಾರ್ಚ್ ನೆಲಕ್ಕೆ ಅಂಟಿಕೊಂಡಿತ್ತು. ಮಲೆನಾಡಿನವರಿಗೆ ಜುಲೈ ಮಳೆ ತೋರಿಸಬೇಕಾ? ಹನ್ನೊಂದು ತಿಂಗಳು ತೆಗೆದೆವು. ಹತ್ತು ಮಾರ್ಚ್ ಉಳಿದವು. ಜುಲೈ ಹೋಗಿದ್ದೇ ತಡ, ಇಂಚು ಅರ್ಧ ಇಂಚಿನ ವ್ಯತ್ಯಾಸವೂ ಕಾಣತೊಡಗಿತು.

ಆಮೇಲೆ ತ್ರೀ ಡಿ ತೆಗೆದೆವು. ಅದರಲ್ಲಿ ಕಂಬದ ತುದಿ ಯಾವ ಅಂಕಿಗೆ ನೇರ ಅಂತ ಗೊತ್ತೇ ಆಗುವುದಿಲ್ಲ. ಅಡ್ಡಗೆರೆಗಳ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿದೆವು. ಪ್ರತಿ ಕಂಬದ ಕೆಳಗೆ ಇಸವಿ ಇದೆಯಲ್ಲ, ಯಾವ ಬಣ್ಣ ಯಾವ ವರ್ಷ ಅನ್ನುವ ಪಟ್ಟಿ ಯಾಕೆ? ಅದೂ ಹೋಯಿತು. ಎಲ್ಲ ಕಂಬಗಳಿಗೂ ಬೂದು ಬಣ್ಣ.

ಈಗ ಈ ವರ್ಷದ ಕಂಬ. ಒಂದು ಸಲ ಕ್ಲಿಕ್ ಮಾಡಿದರೆ ಎಲ್ಲವೂ ಆಯ್ಕೆಯಾಗುತ್ತವೆ. ಸ್ವಲ್ಪ ತಡೆದು ಅದರ ಮೇಲೇ ಇನ್ನೊಮ್ಮೆ ಕ್ಲಿಕ್ ಮಾಡಿ, ಅದೊಂದೇ ಸಿಗುತ್ತದೆ. ಅದಕ್ಕೆ ಕಡು ಕೆಂಪು. ಆದರೆ 20 ಸೆಂಟ್ಸಿನ ಕಂಬ ಗಿಡ್ಡ, ಬಣ್ಣ ಹಾಕಿದರೂ ಕಣ್ಣಿಗೆ ಅಷ್ಟಾಗಿ ಹೊಡೆಯುವುದಿಲ್ಲ. ಅದಕ್ಕೇ ಅದರ ಮೇಲೆ ಅದೇ ಕೆಂಪಿನಲ್ಲಿ ದಪ್ಪಗೆ '20 ಸೆಂಟ್ಸ್' ಅಂತ ಬರೆದೆವು. ಬೇರೆ ಕಂಬಗಳ ಅಂಕಿ ಅಳಿಸಿದೆವು.

ಗೌಡರಿಗೆ ಸಂಕಟ. 'ಅಷ್ಟೊಂದು ಕಷ್ಟಪಟ್ಟು ಬರೆದಿದ್ದೀನಿ ಮೇಷ್ಟ್ರೇ.' ಕಷ್ಟ ತೋರಿಸೋಕಲ್ಲ ಗೌಡ್ರೇ ಚಾರ್ಟು, ಮಾರ್ಚ್ ತೋರಿಸೋಕೆ!

ಒಂದು ಗೆರೆ ಮಾತ್ರ ವಾಪಸ್ ಹಾಕಿದೆವು. ಹೂ ಚೆನ್ನಾಗಿ ಬಿಡಲು ಸುಮಾರು ಒಂದು ಇಂಚು ಮಳೆ ಬೇಕಲ್ಲ, ಆ ಮಟ್ಟಕ್ಕೆ ತೆಳ್ಳಗೊಂದು ಗೆರೆ. ಎಷ್ಟು ಕಡಿಮೆಯಾಯಿತು ಅನ್ನುವುದು ಅದರಿಂದಲೇ ತಿಳಿಯುತ್ತದೆ. 'ಮಳೆ ವಿವರ' ಅಂತಿದ್ದ ತಲೆಬರಹ 'ಈ ಮಾರ್ಚ್ ಹೂ ಮಳೆ ಕೈಕೊಟ್ಟಿತು' ಅಂತಾಯಿತು.

ಸಮಯ ಆಯಿತು ಅಂತ ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕಂಬಗಳು ಸೊನ್ನೆಯಿಂದಲೇ ಶುರುವಾಗಲಿ. ಜೆರಾಕ್ಸ್ ಮಾಡಿಸಿದರೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣಬಹುದು, ಹಾಗಾಗಿ ಮುಖ್ಯವಾದದ್ದು ಕಡು ಇರಲಿ, ಮಿಕ್ಕಿದ್ದು ತಿಳಿ. ಹನ್ನೆರಡು ತಿಂಗಳ ಲೆಕ್ಕವೂ ಬೇಕು ಅಂತ ಯಾರಾದರೂ ಕೇಳಿದರೆ ಬೇರೆ ಹಾಳೆಯಲ್ಲಿ ಕೊಡಿ. ದಯವಿಟ್ಟು ಚಾರ್ಟಿನೊಳಗೆ ಮತ್ತೆ ತುರುಕಬೇಡಿ. ನಮಸ್ಕಾರ.