ಸ್ಕ್ವೇರ್ ವೇವ್‌ನ ಹಠಮಾರಿ ಕೊಂಬು

ಹಾಂ, ಬೋರ್ಡ್ ಕಾಣ್ತಿದೆ ಅಲ್ವಾ? ಸೊನ್ನೆಯಿಂದ π ತನಕ 1, −π ಇಂದ ಸೊನ್ನೆ ತನಕ −1, ಆಮೇಲೆ ಇದೇ ಮತ್ತೆ ಮತ್ತೆ. ಈ ಸ್ಕ್ವೇರ್ ವೇವನ್ನ ಸೈನ್, ಕೊಸೈನ್‌ಗಳ ಮೊತ್ತವಾಗಿ, ಅಂದ್ರೆ ಫೂರಿಯೆ ಸರಣಿಯಾಗಿ ಬರೀಬೇಕು. ಆಡ್ ಫಂಕ್ಷನ್, ಹಾಗಾಗಿ ಕೊಸೈನ್‌ಗಳ ತಂಟೆಗೇ ಹೋಗ್ಬೇಡಿ. ಇಂಟಿಗ್ರಲ್ ಬರೀತಾ ಇರೋದು ಕಾಣ್ತಿದೆ, ಓದಲ್ಲ. sin nx ಮುಂದಿನ ಗುಣಕ n ಸಮ ಆದ್ರೆ ಸೊನ್ನೆ, ಬೆಸ ಆದ್ರೆ 4/(nπ).

f(x) ~ (4/π)(sin x + sin 3x/3 + sin 5x/5 + …)

ಮಧ್ಯೆ ಸಮಚಿಹ್ನೆ ಹಾಕಿಲ್ಲ, ಬೇಕಂತಲೇ. ಥೂ, ಈ ಮಾರ್ಕರ್ ಹೊಸದು, ಆಗ್ಲೇ ಒಣಗ್ತಿದೆ. ಹಸಿರು ತಗೋತೀನಿ.

ಈಗ x = 0 ಇಡಿ. ಎಲ್ಲಾ ಸೈನೂ ಸೊನ್ನೆ. ಎಷ್ಟು ಪದ ಕೂಡಿದ್ರೂ ಮೊತ್ತ ಸೊನ್ನೆನೇ. ಎಡಗಡೆ −1, ಬಲಗಡೆ 1, ಸರಾಸರಿ ಸೊನ್ನೆ. ಇಂಥ ಜಿಗಿತ ಇದ್ದಲ್ಲಿ ಸರಣಿ ನಡುವಿಗೇ ಹೋಗುತ್ತೆ ಅಂತ ಡಿರಿಶ್ಲೆ 1829ರಲ್ಲೇ ಸಾಧಿಸಿದ್ರು. ನೀವು f(0) = 50 ಅಂತ ಬರ್ಕೊಂಡ್ರೂ ಸರಣಿ ಕೇರ್ ಮಾಡಲ್ಲ, ಒಂದೇ ಒಂದು ಬಿಂದು ಬದಲಾದ್ರೆ ಇಂಟಿಗ್ರಲ್‌ಗೆ ಗೊತ್ತೇ ಆಗಲ್ಲ. ಸಮಚಿಹ್ನೆ ಹಾಕದೇ ಇದ್ದಿದ್ದು ಇದಕ್ಕೇ.

ನನಗೆ ತಲೆ ಕೆಡಿಸೋದು ಜಿಗಿತದ ಪಕ್ಕದಲ್ಲಿ ಮೊತ್ತದ ಗ್ರಾಫ್ 1 ದಾಟಿ ಮೇಲೆ ಚಾಚೋ ಈ ಕೊಂಬು. ಒಂದು ಪದ ಇದ್ದಾಗ ಅದರ ಎತ್ತರ 4/π, ಅಂದ್ರೆ 1.273. ಎರಡು ಪದಕ್ಕೆ 1.200, ಮೂರಕ್ಕೆ 1.188. ಇಳೀತಾ ಇದೆ, ಕೊನೆಗೆ 1 ಆಗುತ್ತೆ ಅನ್ಸುತ್ತಲ್ವಾ? ಆಗಲ್ಲ! 1.179 ಹತ್ರ ನಿಂತುಬಿಡುತ್ತೆ. ಜಿಗಿತ 2, ಹೆಚ್ಚುವರಿ 0.179, ಹತ್ತಿರ ಹತ್ತಿರ ಶೇಕಡಾ 9. ಸಾವಿರ ಪದ ಹಾಕಿ, ಲಕ್ಷ ಹಾಕಿ, ಕೊಂಬು ತೆಳ್ಳಗಾಗುತ್ತೆ, ಗಿಡ್ಡ ಆಗಲ್ಲ.

ಹಾಗಾದ್ರೆ ಸರಣಿ ಒಮ್ಮುಖ ಆಗುತ್ತೆ ಅಂದಿದ್ದು ಸುಳ್ಳಾ? ಅಲ್ಲ. N ಪದ ಇದ್ರೆ ಕೊಂಬಿನ ತುದಿ ಇರೋದು x = π/(2N)ನಲ್ಲಿ. ಸೊನ್ನೆಯ ಬಲಕ್ಕೆ, π ಒಳಗೆ, ಯಾವುದಾದ್ರೂ ಒಂದು x ಹಿಡ್ಕೊಂಡು ಕೂತ್ಕೊಳ್ಳಿ, N ಬೆಳೀತಾ ಕೊಂಬು ನಿಮ್ಮನ್ನ ದಾಟಿ ಸೊನ್ನೆ ಕಡೆಗೆ ಸರಿಯುತ್ತೆ, ನಿಮ್ಮಲ್ಲಿ ಮೊತ್ತ 1ಕ್ಕೆ ಬಂದು ಕೂರುತ್ತೆ. ಬಿಂದು ಬಿಂದುವಿಗೂ ಒಮ್ಮುಖ, ಆದ್ರೆ ಇಡೀ ಗ್ರಾಫ್‌ಗೆ ಒಟ್ಟಿಗೆ, ಅಂದ್ರೆ ಯೂನಿಫಾರ್ಮ್ ಆಗಿ, ಇಲ್ಲ.

ಲ್ಯಾಪ್‌ಟಾಪಲ್ಲಿ ನೋಡೋರಿಗೆ ಒಂದು ಮಾತು. N ದೊಡ್ಡದಿಟ್ಟು ಕಡಿಮೆ ಬಿಂದುಗಳಲ್ಲಿ ಪ್ಲಾಟ್ ಮಾಡಿದ್ರೆ ಕೊಂಬು ಮಾಯ. ಹೋಗಿರಲ್ಲ, ಎರಡು ಬಿಂದುಗಳ ಮಧ್ಯೆ ಬಿದ್ದಿರುತ್ತೆ. ಸೀದಾ π/(2N)ನಲ್ಲೇ ಮೊತ್ತ ಕೇಳಿ, ಸಿಗುತ್ತೆ.

ಇದಕ್ಕೆ ಗಿಬ್ಸ್ ಹೆಸರು, ಅವರು ನೇಚರ್ ಪತ್ರಿಕೆಗೆ ಬರೆದಿದ್ದು 1899ರಲ್ಲಿ. ವಿಲ್‌ಬ್ರಹಾಂ ಅನ್ನೋರು 1848ರಲ್ಲೇ ಕಂಡಿದ್ರು. ಅನ್ಯಾಯ ಅಪ್ಪಾ! ಬಿಡಿ, ಗಿಬ್ಸ್ ಅನ್ನೋಕೆ ಸುಲಭ.

ಕೊಂಬು ಬೇಡ್ವೇ ಬೇಡ ಅಂದ್ರೆ ಭಾಗಶಃ ಮೊತ್ತಗಳ ಸರಾಸರಿ ತಗೊಳ್ಳಿ, ಫೆಯರ್ ವಿಧಾನ. ಆಗ ಗ್ರಾಫ್ 1 ದಾಟಲ್ಲ, ಆದ್ರೆ ಏರು ನಿಧಾನ ಆಗುತ್ತೆ, ನೋಡಿ ಇಲ್ಲಿ ಮೂಲೆ ಎಷ್ಟು ದುಂಡಗಾಗಿದೆ. ಬ್ಯಾಟರಿ ಕೆಂಪು ತೋರಿಸ್ತಿದೆ, ಹಸಿರು ಗೆರೆ ಫೆಯರ್, ಕಪ್ಪು ಮಾಮೂಲಿ ಮೊತ್ತ, ನಿಲ್ಲಿಸಿ ನೋಡ್ಕೊಳ್ಳಿ.